ಮುರಕಲ್ಲಿನ ಗೋಡೆಯ ಬಿರುಕು: ಒಂದು ಮಳೆಗಾಲದ ಅಳತೆ

ಗೋಡೆಯಲ್ಲಿ ಬಿರುಕು ಕಂಡವರು ನನ್ನ ಹತ್ತಿರ ಮೊದಲು ಹೇಳುವುದು ಅದರ ಅಗಲವನ್ನು. "ನಾಣ್ಯ ಹೋಗ್ತದೆ ಇಂಜಿನಿಯರೇ" ಅಂತಲೋ, "ಕೂದಲಿನಷ್ಟೇ, ತೊಂದರೆ ಇಲ್ಲ ಅಲ್ವಾ" ಅಂತಲೋ. ನನಗೆ ಬೇಕಾದದ್ದು ಬೇರೆ ಮೂರು ವಿಷಯ. ಬಿರುಕು ಸಾರಣೆಯಲ್ಲಿ ಮಾತ್ರ ಇದೆಯೋ, ಕಲ್ಲಿಗೂ ಇಳಿದಿದೆಯೋ? ಈಗಲೂ ಅಲುಗುತ್ತಿದೆಯೋ, ನಿಂತಿದೆಯೋ? ಅಲುಗುವುದಾದರೆ ಬಿಸಿಲಿನ ಜೊತೆಗೋ, ಮಳೆಯ ಜೊತೆಗೋ? ಮೊದಲನೆಯದಕ್ಕೆ ಉಳಿ ಸಾಕು. ಉಳಿದೆರಡಕ್ಕೆ ಅಳತೆ ಬೇಕು, ಮತ್ತು ನಮ್ಮ ಕಾಸರಗೋಡಿನ ಕಡೆ ಆ ಅಳತೆ ಕನಿಷ್ಠ ಒಂದು ಮಳೆಗಾಲ ದಾಟಬೇಕು.

ಬದಿಯಡ್ಕದ ಕಡೆಯ ಒಂದು ಮನೆಯ ಲೆಕ್ಕವನ್ನೇ ಇಲ್ಲಿ ಕೊಡುತ್ತೇನೆ, ಏಕೆಂದರೆ ಅಲ್ಲಿ ಒಂದೇ ಸೂರಿನಡಿ ಮೂರು ಜಾತಿಯ ಬಿರುಕುಗಳಿದ್ದವು. ಎರಡು ಅಂತಸ್ತಿನ ಮುರಕಲ್ಲಿನ ಮನೆ. ಗುಡ್ಡದ ಇಳಿಜಾರಿನಲ್ಲಿ ಮೇಲಿನ ಧರೆ ಕಡಿದು, ಅದೇ ಮಣ್ಣನ್ನು ಕೆಳಗಿನ ಬದಿಗೆ ತುಂಬಿಸಿ ಸಮತಟ್ಟು ಮಾಡಿದ ಜಾಗ. ಕೆಳಗೆ ಅಡಿಕೆ ತೋಟ. ಲಿಂಟೆಲ್ ಕಿಟಕಿ ಬಾಗಿಲುಗಳ ಮೇಲೆ ಮಾತ್ರ ಇದೆ, ಗೋಡೆಯ ಸುತ್ತ ಪಟ್ಟಿಯಂತೆ ಹೋಗಿಲ್ಲ. ಯಜಮಾನರಿಗೆ ಆಗಲೇ ಒಂದು ತೀರ್ಮಾನ ಇತ್ತು: "ಎಂತ ಮಾರಾಯ್ರೆ, ಪುಟ್ಟಿ ತುಂಬಿಸಿ ಪೈಂಟ್ ಹೊಡೆದ್ರೆ ಆಗುದಿಲ್ವಾ?"

ಹಾಲಿನ ಗೋಡೆಗೆ ಅದೇ ಉತ್ತರ ಸಾಕಾಗಿತ್ತು. ಅಲ್ಲಿ ಇದ್ದದ್ದು ಒಣಗಿದ ಗದ್ದೆಯ ನೆಲದಂಥ ಬಲೆಬಲೆ ಗೆರೆಗಳು. ಯಾವುದಕ್ಕೂ ಗೊತ್ತಾದ ದಿಕ್ಕಿಲ್ಲ, ಅಗಲ ಎಲ್ಲ ಕಡೆ ಒಂದೇ, 0.1 ಮಿ.ಮೀ. ಆಸುಪಾಸು. ಎರಡು ಕಡೆ ಅಂಗೈಯಗಲ ಸಾರಣೆ ಕೆತ್ತಿ ನೋಡಿದೆವು. ಒಳಗಿನ ಕಲ್ಲಿನಲ್ಲಿ ಗೆರೆಯ ಸುಳಿವಿಲ್ಲ. ಸುತ್ತಿಗೆಯ ಹಿಡಿಯಿಂದ ತಟ್ಟಿದರೆ ಕೆಲವೆಡೆ ಪೊಳ್ಳು ಸದ್ದು. ಬೇಸಗೆಯ ಗಾಳಿಗೆ ಸಿಮೆಂಟ್ ಜಾಸ್ತಿ ಹಾಕಿ ಸಾರಣೆ ಮಾಡಿ, ಸರಿಯಾಗಿ ನೀರುಣಿಸದಿದ್ದರೆ ಆಗುವುದೇ ಇದು. ಸಿಮೆಂಟ್ ಹೆಚ್ಚಿದಷ್ಟು ಗಟ್ಟಿ ಎಂದು ನಮ್ಮ ಮೇಸ್ತ್ರಿಗಳು ನಂಬುತ್ತಾರೆ. ಒಣಗುವಾಗ ಅದು ಕುಗ್ಗುವುದೂ ಹೆಚ್ಚು, ಹಿಂದಿನ ಕಲ್ಲು ಕುಗ್ಗುವುದಿಲ್ಲ, ನಡುವೆ ಸಾರಣೆ ಹರಿಯುತ್ತದೆ. ಇಂಥ ಕುಗ್ಗುವಿಕೆಯ ಬಹುಪಾಲು ಮೊದಲ ಒಂದೆರಡು ವರ್ಷದಲ್ಲೇ ಮುಗಿಯುತ್ತದೆ. ಕಾಂಕ್ರೀಟ್ ಕಂಬಕ್ಕೆ ಮುರಕಲ್ಲು ಬಂದು ಸೇರುವಲ್ಲಿ ನೂಲು ಹಿಡಿದಂತೆ ನೇರವಾಗಿ ಬೀಳುವ ಗೆರೆಯೂ ಹೆಚ್ಚಾಗಿ ಇದರ ದಾಯಾದಿಯೇ. ಸಾರಣೆಯಡಿ ಜಾಲರಿ ಹಾಕಿದ್ದರೆ ಅದು ಬರುತ್ತಲೇ ಇರಲಿಲ್ಲ.

ಮೂಡು-ತೆಂಕಿನ ಮೂಲೆಯ ಬಿರುಕು ಆ ಜಾತಿಯದಲ್ಲ. ಕಿಟಕಿಯ ಮೇಲ್ಮೂಲೆಯಲ್ಲಿ, ಲಿಂಟೆಲ್ ಕೂತ ಜಾಗದಿಂದ ಹೊರಟು, ಕಲ್ಲಿನ ಸಂದುಗಳನ್ನು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಮನೆಯ ಮೂಲೆಯತ್ತ ಏರಿತ್ತು. ಕೆಳತುದಿಯಲ್ಲಿ ಅರ್ಧ ಮಿ.ಮೀ., ಮೇಲ್ತುದಿಯಲ್ಲಿ ಎರಡೂವರೆ. ಒಳಗೂ ಹೊರಗೂ ಒಂದೇ ದಾರಿಯಲ್ಲಿ ಕಾಣುತ್ತಿತ್ತು, ಅಂದರೆ ಗೋಡೆಯ ದಪ್ಪವನ್ನೇ ದಾಟಿದೆ. ಓರೆಯಾದ ಬಿರುಕಿಗೆ ಲಂಬವಾಗಿ ಕೆಳಮುಖ ಬಾಣ ಎಳೆದರೆ ಅದು ಕುಸಿಯುತ್ತಿರುವ ಜಾಗವನ್ನು ತೋರಿಸುತ್ತದೆ. ಇಲ್ಲಿ ಬಾಣ ಹೋಗಿ ನಿಂತದ್ದು ಮಣ್ಣು ತುಂಬಿಸಿದ ಮೂಲೆಯ ಅಡಿಪಾಯಕ್ಕೆ. ಮೇಲೆ ಅಗಲ, ಕೆಳಗೆ ಸಪೂರ ಎನ್ನುವುದೂ ಅದಕ್ಕೆ ಹೊಂದುತ್ತದೆ: ಮೂಲೆ ಇಳಿಯುವುದರ ಜೊತೆಗೆ ಹೊರಕ್ಕೆ ವಾಲುತ್ತಿದೆ. ಗೋಡೆಯ ನಡುಭಾಗ ಕುಸಿದಿದ್ದರೆ ಅಗಲ ತುದಿ ಕೆಳಗಿರುತ್ತಿತ್ತು.

ಇಷ್ಟು ಕಂಡ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಕಟ್ಟಿದ ಮೊದಲ ಒಂದೆರಡು ಮಳೆಗೆ ಮಣ್ಣು ಕೂತು ಅಲ್ಲಿಗೇ ನಿಂತ ಹಳೆಯ ಗಾಯವೋ, ಈಗಲೂ ನಡೆಯುತ್ತಿರುವುದೋ? ಹಳೆಯದಾದರೆ ಕಡಿಮೆ ಖರ್ಚಿನಲ್ಲಿ ಮುಚ್ಚಬಹುದು. ನಡೆಯುತ್ತಿರುವುದಾದರೆ ಎಷ್ಟು ಸಲ ಮುಚ್ಚಿದರೂ ತೆರೆಯುತ್ತದೆ. ಕಣ್ಣಿನಿಂದ ಇದನ್ನು ಹೇಳಲು ಬರುವುದಿಲ್ಲ.

ಅಂಗಡಿಯಲ್ಲಿ ಸಿಗುವ ಕ್ರ್ಯಾಕ್ ಗೇಜ್ ಎಂದರೆ ಒಂದರ ಮೇಲೊಂದು ಕೂರುವ ಎರಡು ಪಾರದರ್ಶಕ ಪಟ್ಟಿ. ಒಂದರಲ್ಲಿ ಮಿಲಿಮೀಟರ್ ಚೌಕುಳಿ, ಇನ್ನೊಂದರಲ್ಲಿ ಅಡ್ಡ ಉದ್ದದ ಎರಡು ಕೆಂಪು ಗೆರೆ. ಬಿರುಕಿನ ಆಚೆ ಒಂದು, ಈಚೆ ಒಂದು ಅಂಟಿಸುತ್ತೇವೆ. ಗೆರೆ ಚೌಕುಳಿಯ ಮೇಲೆ ಎಲ್ಲಿಗೆ ಸರಿಯಿತು ಎಂದು ನೋಡಿದರೆ ಬಿರುಕು ತೆರೆದದ್ದೂ ಜಾರಿದ್ದೂ ಗೊತ್ತಾಗುತ್ತದೆ. ಮನೆಯವರೇ ಓದಬಹುದು, ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸಬಹುದು. ಆದರೆ ಅರ್ಧ ಮಿ.ಮೀ.ಗಿಂತ ಸಣ್ಣ ಚಲನೆಯನ್ನು ಅದರಲ್ಲಿ ನಾನು ನಂಬುವುದಿಲ್ಲ. ಹಳಬರು ಮಾಡುತ್ತಿದ್ದ ಗಾಜಿನ ತುಂಡು ಅಂಟಿಸುವ ಉಪಾಯ ಇನ್ನೂ ಒರಟು. ಒಡೆದರೆ ಅಲುಗಿದೆ ಎಂದು ಗೊತ್ತಾಗುತ್ತದೆ, ಎಷ್ಟು, ಯಾವ ಕಡೆಗೆ ಎಂದು ಗೊತ್ತಾಗುವುದಿಲ್ಲ.

ಹಾಗಾಗಿ ಗೇಜ್ ಜೊತೆಗೆ ಮೂರು ಸ್ಟೈನ್‌ಲೆಸ್ ಸ್ಕ್ರೂ ಹಾಕಿದೆ. ಬಿರುಕಿನ ಮನೆಯ ಕಡೆಯ ಬದಿಯಲ್ಲಿ ಒಂದರ ಕೆಳಗೊಂದು ಅ ಮತ್ತು ಬ, ಸುಮಾರು 100 ಮಿ.ಮೀ. ಅಂತರ. ಮೂಲೆಯ ಕಡೆಯ ಬದಿಯಲ್ಲಿ ಅ ಸ್ಕ್ರೂವಿನ ಮಟ್ಟಕ್ಕೆ ಕ, ಅದೂ 100 ಮಿ.ಮೀ. ದೂರ. ಡಿಜಿಟಲ್ ಕ್ಯಾಲಿಪರ್‌ನಿಂದ ಸ್ಕ್ರೂಗಳ ಹೊರಬದಿಯಿಂದ ಹೊರಬದಿಗೆ ಅಳೆಯುವುದು, ಪ್ರತಿ ಜೋಡಿಗೂ ಮೂರು ಸಲ ಅಳೆದು ಸರಾಸರಿ ಬರೆಯುವುದು. ಅ–ಬ ಅಂತರ ಬದಲಾಗುವಂತಿಲ್ಲ, ಎರಡೂ ಒಂದೇ ಬದಿಯಲ್ಲಿವೆ. ಅದು ಬದಲಾದರೆ ಅಳೆದವರ ಕೈ ತಪ್ಪಿದೆ ಅಥವಾ ಸ್ಕ್ರೂ ಸಡಿಲಾಗಿದೆ. ಇಲ್ಲಿ ಒಂದು ಮುಖ್ಯ ಮಾತು: ಸ್ಕ್ರೂವನ್ನಾಗಲಿ ಗೇಜನ್ನಾಗಲಿ ಸಾರಣೆಯ ಮೇಲೆ ಕೂರಿಸಬಾರದು. ಸಾರಣೆ ಕೆತ್ತಿ, ಕಲ್ಲಿಗೆ ತೂತು ಕೊರೆದು, ಧೂಳು ಊದಿ ತೆಗೆದು ಎಪಾಕ್ಸಿಯಲ್ಲಿ ಕೂರಿಸಬೇಕು. ಮುರಕಲ್ಲಿನ ತೂತುಗಳಲ್ಲಿ ಮೆತ್ತಗಿನ ಮಣ್ಣಿರುತ್ತದೆ, ಬರೀ ಪ್ಲಾಸ್ಟಿಕ್ ಪ್ಲಗ್ ಅಲ್ಲಿ ಹಿಡಿಯುವುದಿಲ್ಲ.

ಮೂರನೇ ಬಿರುಕು ಮಹಡಿಯಲ್ಲಿ, ತಾರಸಿ ಸ್ಲ್ಯಾಬಿನ ಕೆಳಗೆ ಗೋಡೆಯುದ್ದಕ್ಕೂ ಮಲಗಿದ ಗೆರೆ. ನೋಡಲು ಅದೇ ಎಲ್ಲಕ್ಕಿಂತ ಭಯಂಕರ, ಸ್ಲ್ಯಾಬೇ ಎದ್ದು ಬಂದಂತೆ. ಅಲ್ಲಿಯೂ ಸ್ಕ್ರೂಗಳನ್ನು ಹಾಕಿ ಮಾರ್ಚ್ ತಿಂಗಳ ಒಂದೇ ದಿನ ಬೆಳಿಗ್ಗೆ ಏಳಕ್ಕೂ ಸಂಜೆ ನಾಲ್ಕಕ್ಕೂ ಅಳೆದೆ. ಸ್ಲ್ಯಾಬ್ ಗೋಡೆಯ ಮೇಲೆ 0.6 ಮಿ.ಮೀ. ಹೊರಕ್ಕೆ ಸರಿದಿತ್ತು. ಮರುದಿನ ಬೆಳಿಗ್ಗೆ ಮತ್ತೆ ಮೊದಲಿನ ಜಾಗದಲ್ಲಿ. ಲೆಕ್ಕವೂ ಕೂಡುತ್ತದೆ: ಕಾಂಕ್ರೀಟ್ ಒಂದು ಡಿಗ್ರಿಗೆ ಮೀಟರಿಗೆ ಸುಮಾರು 0.01 ಮಿ.ಮೀ. ಹಿಗ್ಗುತ್ತದೆ. 11 ಮೀಟರ್ ಸ್ಲ್ಯಾಬಿನ ಅರ್ಧ 5.5 ಮೀಟರ್, ತಾರಸಿಯ ಬಿಸಿ 20 ಡಿಗ್ರಿ ಏರಿದರೆ ತಡೆಯಿಲ್ಲದೆ 1.1 ಮಿ.ಮೀ. ಸರಿಯಬೇಕು. ಗೋಡೆಯ ಹಿಡಿತದಿಂದ ಅದರ ಅರ್ಧದಷ್ಟಾಗಿದೆ. ಇದು ಬಿಸಿಲಿನ ಬಿರುಕು. ಮನೆ ಬೀಳಿಸುವುದಿಲ್ಲ, ಮಳೆಗೆ ಸೋರುತ್ತದೆ ಅಷ್ಟೆ. ಇದನ್ನು ನೋಡಿದ ಮೇಲೆ ಯಜಮಾನರಿಗೂ ಒಂದು ನಿಯಮ ಸಹಜವಾಗಿ ಹಿಡಿಸಿತು: ಎಲ್ಲ ಅಳತೆಯೂ ಬೆಳಿಗ್ಗೆ ಏಳರ ಸುಮಾರಿಗೇ. ಒಂದು ವಾರ ಬೆಳಿಗ್ಗೆ, ಇನ್ನೊಂದು ವಾರ ಮಧ್ಯಾಹ್ನ ಅಳೆದರೆ ಬಿಸಿಲಿನ ಚಲನೆಯನ್ನು ಕುಸಿತ ಎಂದು ಓದುತ್ತೇವೆ.

ಮೂಲೆಯ ಸ್ಕ್ರೂಗಳನ್ನು ಜನವರಿಯಲ್ಲಿ ಹಾಕಿದ್ದು. ಬೇಸಗೆಯಲ್ಲಿ ತಿಂಗಳಿಗೊಮ್ಮೆ, ಮಳೆ ಹಿಡಿದ ಮೇಲೆ ವಾರಕ್ಕೊಮ್ಮೆ ಅಳತೆ, ಪಕ್ಕದಲ್ಲಿ ಆ ವಾರದ ಮಳೆ ಜೋರೋ ಸಾಧಾರಣವೋ ಎಂದು ಒಂದು ಮಾತು. ಮೇ ಕೊನೆಯವರೆಗೆ ತೆರೆತ 0.1 ಮಿ.ಮೀ. ದಾಟಲಿಲ್ಲ. "ನಾನು ಹೇಳಿದ್ದಲ್ವಾ, ನಿಂತಿದೆ" ಎಂದರು ಯಜಮಾನರು. ಜೂನ್ ಕೊನೆಗೆ 0.4 ಆಯಿತು. ಆಟಿ ತಿಂಗಳ ಬಿಡದ ಮಳೆಯಲ್ಲಿ 0.9. ಆಗಸ್ಟ್ ಕೊನೆಗೆ ಅ–ಕ ಅಂತರ 101.34ರಿಂದ 102.64ಕ್ಕೆ ಏರಿತ್ತು, ಅಂದರೆ ತೆರೆತ 1.30. ಬ–ಕ 142.10ರಿಂದ 142.38ಕ್ಕೆ ಮಾತ್ರ ಏರಿತ್ತು, 0.28. ಇದನ್ನು 1.41ರಿಂದ ಗುಣಿಸಿದರೆ 0.39. ತೆರೆತದಿಂದ ಅದನ್ನು ಕಳೆದರೆ ಉಳಿಯುವ 0.91 ಮಿ.ಮೀ. ಮೂಲೆಯ ಕಡೆಯ ಗೋಡೆ ಕೆಳಗಿಳಿದದ್ದು. ಸ್ಕ್ರೂಗಳ ಅಂತರ ಅಡ್ಡಕ್ಕೂ ಉದ್ದಕ್ಕೂ ಸಮವಾಗಿದ್ದರೆ ಮಾತ್ರ ಈ ಸುಲಭ ಲೆಕ್ಕ ನಡೆಯುತ್ತದೆ.

ನಿರ್ಣಯ ಕೊಟ್ಟದ್ದು ಈ ಅಂಕಿಗಳಿಗಿಂತ ಹೆಚ್ಚಾಗಿ ಮಳೆ ಬಿಟ್ಟ ಮೇಲಿನವು. ಡಿಸೆಂಬರಿನಲ್ಲಿ ನೆಲವೆಲ್ಲ ಒಣಗಿದಾಗಲೂ ತೆರೆತ 1.3ರಲ್ಲೇ ನಿಂತಿತ್ತು, ಹಿಂದಕ್ಕೆ ಬರಲಿಲ್ಲ. ಋತುವಿಗೆ ತಕ್ಕಂತೆ ತೆರೆದು ಮುಚ್ಚುವ ಬಿರುಕಿನ ಗೆರೆಯನ್ನು ಕಾಗದದಲ್ಲಿ ಬರೆದರೆ ಅಲೆಯಂತೆ ಏರಿಳಿಯುತ್ತದೆ, ಕುಗ್ಗುವಿಕೆಯದು ಏರಿ ಚಪ್ಪಟೆಯಾಗುತ್ತದೆ. ಇದು ಪ್ರತಿ ಮಳೆಗಾಲಕ್ಕೊಂದು ಮೆಟ್ಟಿಲು ಹತ್ತುವಂಥದು.

ಮೂಲೆಯ ಪಕ್ಕ ಗುಂಡಿ ತೋಡಿಸಿದಾಗ ಕಾರಣ ಕೈಗೇ ಸಿಕ್ಕಿತು. ಅಡಿಪಾಯ ಕೂತದ್ದು ತುಂಬಿಸಿದ ಮಣ್ಣಿನ ಮೇಲೆ, ಅದರಡಿ ಗಟ್ಟಿ ಮುರದ ಪದರ ಇಲ್ಲ, ನೇರ ಶೇಡಿಮಣ್ಣು. ಒಣಗಿದಾಗ ಶೇಡಿಮಣ್ಣು ಹಾರೆಗೂ ಜಗ್ಗದು, ನೀರು ಕುಡಿದರೆ ಬಲ ಕಳೆದುಕೊಳ್ಳುತ್ತದೆ. ನೀರು ಕುಡಿಸುತ್ತಿದ್ದದ್ದು ತಾರಸಿಯ ಪೈಪು: ಅರ್ಧ ತಾರಸಿಯ ಮಳೆನೀರು ಅದೇ ಮೂಲೆಗೆ ಸುರಿಯುತ್ತಿತ್ತು. ಮೊದಲು ಪೈಪನ್ನು ಸಿಮೆಂಟ್ ಕಣಿಗೆ ಸೇರಿಸಿ ನೀರನ್ನು ತೋಟದ ತಗ್ಗಿಗೆ ಒಯ್ದೆವು. ಆಮೇಲೆ ಬೇಸಗೆಯಲ್ಲಿ ಮೂಲೆಯ ಎರಡೂ ಬದಿಗೆ ಅಡಿಪಾಯದಡಿ ಕಾಂಕ್ರೀಟ್ ಕೊಟ್ಟು ಗಟ್ಟಿ ನೆಲ ಮುಟ್ಟಿಸಿದೆವು. ಒಂದು ಸಲಕ್ಕೆ ಒಂದು ಮೀಟರಿಗಿಂತ ಹೆಚ್ಚು ಅಗೆಯದೆ, ಒಂದು ಬಿಟ್ಟು ಒಂದರಂತೆ. ಹೊಸ ಕಾಂಕ್ರೀಟಿಗೂ ಹಳೆಯ ಅಡಿಪಾಯಕ್ಕೂ ನಡುವೆ ಸುಮಾರು 75 ಮಿ.ಮೀ. ಬಿಟ್ಟು, ಮರುದಿನ ಅಲ್ಲಿಗೆ ನೀರು ಕಡಿಮೆಯ ಗಟ್ಟಿ ಗಾರೆಯನ್ನು ಬಡಿದು ತುಂಬಿಸಬೇಕು. ಅದನ್ನು ಬಿಟ್ಟರೆ ಹೊಸ ಕಾಂಕ್ರೀಟ್ ಕುಗ್ಗಿದಷ್ಟು ಗೋಡೆ ಮತ್ತೆ ಇಳಿಯುತ್ತದೆ.

ಒಂದು ವರ್ಷ ಕಾದದ್ದು ಸರಿಯೇ ಎಂದು ಕೇಳುವವರಿದ್ದಾರೆ. ಈ ಗೋಡೆಗೆ ಸರಿ, ಏಕೆಂದರೆ ಚಲನೆ ನಿಧಾನವಿತ್ತು, ವಾರಕ್ಕೊಮ್ಮೆ ಕಣ್ಣಿತ್ತು. ವಾರದಿಂದ ವಾರಕ್ಕೆ ಏರಿಕೆ ಹೆಚ್ಚುತ್ತ ಹೋದರೆ, ಬಾಗಿಲು ಇದ್ದಕ್ಕಿದ್ದಂತೆ ಹಿಡಿಯತೊಡಗಿದರೆ ಕಾಯುವುದಿಲ್ಲ. ಕಾಂಕ್ರೀಟ್ ತೊಲೆ ಕಂಬಗಳ ವಿಷಯದಲ್ಲೂ ಅಷ್ಟೆ. ಕಂಬದ ಹತ್ತಿರ ತೊಲೆಯಲ್ಲಿ ಓರೆ ಬಿರುಕು ಕಂಡರೆ ಮೊದಲು ಆಸರೆ ಕೊಡುವುದು, ಆಮೇಲೆ ಅಳತೆ. ಕಂಬಿಯುದ್ದಕ್ಕೂ ಬಿರುಕು ಹೋಗಿ ತುಕ್ಕಿನ ಕಲೆ ಇಳಿದಿದ್ದರೆ ಗೇಜ್ ಹಾಕಿ ಪ್ರಯೋಜನವೇ ಇಲ್ಲ, ಒಳಗಿನ ಕಂಬಿ ಉಬ್ಬುತ್ತಿದೆ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಸಾಮಾನ್ಯವಾಗಿ 0.3 ಮಿ.ಮೀ. ಬಿರುಕನ್ನು ಒಪ್ಪುವುದು ಕಂಬಿ ಹಾಕಿದ ಕಾಂಕ್ರೀಟಿಗೆ. ಆ ಅಂಕಿಯನ್ನು ಮುರಕಲ್ಲಿನ ಗೋಡೆಗೆ ತಂದು ಹೆದರುವವರನ್ನೂ, ಧೈರ್ಯ ಹೇಳುವವರನ್ನೂ ನೋಡಿದ್ದೇನೆ.

ಮುಂದಿನ ಮಳೆಗಾಲದಲ್ಲಿ ಮೂಲೆಯ ತೆರೆತ 0.1 ಮಿ.ಮೀ.ಗಿಂತ ಹೆಚ್ಚಲಿಲ್ಲ. ಆಮೇಲಷ್ಟೇ ಸಂದುಗಳನ್ನು ಕೊರೆದು, ಬಿರುಕಿಗೆ ಅಡ್ಡಲಾಗಿ ಸ್ಟೈನ್‌ಲೆಸ್ ಸರಳುಗಳನ್ನು ಗ್ರೌಟಿನಲ್ಲಿ ಕೂರಿಸಿ, ಜಾಲರಿ ಹೊಡೆದು ಸಾರಣೆ ಮಾಡಿಸಿದ್ದು. ಹಾಲಿಗೆ ಪುಟ್ಟಿ ಮತ್ತು ಪೈಂಟ್, ಯಜಮಾನರು ಮೊದಲೇ ಹೇಳಿದಂತೆ. ಸ್ಲ್ಯಾಬಿನಡಿಯ ಗೆರೆಗೆ ಮಾತ್ರ ಸಿಮೆಂಟ್ ತುಂಬಿಸಲಿಲ್ಲ. ದಿನಾ ಅಲುಗುವ ಜಾಗ ಅದು, ಒಂದು ಬೇಸಗೆಗೇ ಮತ್ತೆ ಹರಿಯುತ್ತಿತ್ತು. ಅಲ್ಲಿ ನೇರ ಸೀಳು ಕೊರೆದು ಹಿಗ್ಗಿ ಕುಗ್ಗುವ ಪಾಲಿಯುರೆಥೇನ್ ಸೀಲಂಟ್ ತುಂಬಿಸಿ, ಬಿಸಿಲಿನ ಹೊಡೆತ ತಗ್ಗಲೆಂದು ತಾರಸಿಗೆ ಬಿಳಿ ಬಣ್ಣ ಬಳಿಸಿದೆವು.