ಎಂಟು ಅಳತೆಗಳ ಮಾನಕ ವಿಚಲನೆಯನ್ನು ನಾನು ತಾಳೆ ನೋಡುವ ಬಗೆ

ಪೀಣ್ಯದ ಒಂದು ಟರ್ನಿಂಗ್ ಘಟಕದ ತಪಾಸಣಾ ವಿಭಾಗದಲ್ಲಿರುವ ನಾನು ಪ್ರತಿ ಲಾಟಿನಿಂದ ಎಂಟು ಶಾಫ್ಟುಗಳನ್ನು ಅಳೆದು, ಸರಾಸರಿಯನ್ನೂ ಮಾನಕ ವಿಚಲನೆಯನ್ನೂ ಕೈಯಲ್ಲೇ ಲೆಕ್ಕ ಹಾಕಿ ವರದಿ ಬರೆಯುತ್ತೇನೆ. ಮೊದಲು ನಮ್ಮಲ್ಲಿ ತಾಳೆ ನೋಡುವುದೆಂದರೆ ಅದೇ ಲೆಕ್ಕವನ್ನು ಅದೇ ದಾರಿಯಲ್ಲಿ ಇನ್ನೊಬ್ಬರು ಮಾಡುವುದಾಗಿತ್ತು. ಬೇರೆ ದಾರಿಯಿಂದ ಅದೇ ಉತ್ತರಕ್ಕೆ ಬರಬೇಕೆಂದು ನಾನು ಹೇಳಿದಾಗ, ಇಷ್ಟು ಚಿಕ್ಕ ಲೆಕ್ಕಕ್ಕೆ ಇಷ್ಟು ಸುತ್ತು ಏಕೆ ಎಂದು ಹಿರಿಯ ಸಹೋದ್ಯೋಗಿಗಳು ಕೇಳಿದ್ದರು.

ಹಳೆಯ ದಾರಿ ಎಲ್ಲಿ ಮುರಿಯುತ್ತದೆಂಬುದನ್ನು ಈ ಎಂಟು ಅಳತೆಗಳಲ್ಲೇ ನೋಡಬಹುದು: 25.012, 25.008, 25.015, 25.011, 25.009, 25.014, 25.010, 25.013 ಮಿ.ಮೀ. ಇವುಗಳ ಸರಾಸರಿ 25.0115. ವರದಿಯ ನಮೂನೆಯಲ್ಲಿ ಎರಡೇ ದಶಾಂಶಕ್ಕೆ ಜಾಗವಿದ್ದುದರಿಂದ ಅದನ್ನು 25.01 ಎಂದು ಬರೆದು, ವರ್ಗಗಳ ಮೊತ್ತದಿಂದ ಸರಾಸರಿಯ ವರ್ಗದ ಎಂಟರಷ್ಟನ್ನು ಕಳೆಯುತ್ತಿದ್ದರು. ಹಾಗೆ ಮಾಡಿದರೆ ಮಾನಕ ವಿಚಲನೆ ಸುಮಾರು 0.29 ಮಿ.ಮೀ. ಬರುತ್ತದೆ. ಅತಿ ದೊಡ್ಡ ಮತ್ತು ಅತಿ ಚಿಕ್ಕ ಅಳತೆಗಳ ನಡುವಿನ ಅಂತರವೇ 0.007 ಮಿ.ಮೀ. ಇರುವಾಗ ಇದು ಅಸಾಧ್ಯ. ಸರಾಸರಿಯನ್ನು ಮೇಲಕ್ಕೆ, 25.012 ಎಂದು ದುಂಡಾಗಿಸಿದರೆ ವ್ಯತ್ಯಾಸ ಋಣವಾಗಿ, ವರ್ಗಮೂಲವೇ ಸಿಗುವುದಿಲ್ಲ. ಎರಡು ದೊಡ್ಡ ಸಂಖ್ಯೆಗಳನ್ನು ಒಂದರಿಂದೊಂದು ಕಳೆದು ಅತಿ ಸಣ್ಣ ಶೇಷವನ್ನು ನಂಬುವುದೇ ಇದಕ್ಕೆ ಕಾರಣ. ಇಂಥ ಒಂದು ವರದಿಯಿಂದಾಗಿ ಗ್ರಾಹಕರು ಇಡೀ ಲಾಟನ್ನು ತಡೆಹಿಡಿದರು. ಮರು ಅಳತೆಯ ಕೂಲಿ, ಟೆಂಪೋ ಬಾಡಿಗೆ ಎಲ್ಲ ಸೇರಿ ನನ್ನ ನೆನಪಿನಂತೆ ಏಳೆಂಟು ಸಾವಿರ ರೂಪಾಯಿ ಹೋಯಿತು. ಒಂದೇ ದಾರಿಯಲ್ಲಿ ಎರಡು ಸಲ ನಡೆದಿದ್ದರಿಂದ ಎರಡೂ ಸಲ ಒಂದೇ ತಪ್ಪು ಉತ್ತರ ಬಂದಿತ್ತು.

ನಾನು 25.000 ಅನ್ನು ಕಳೆದು ಮೈಕ್ರಾನಿನಲ್ಲಿ ಮಾತ್ರ ಕೆಲಸ ಮಾಡುತ್ತೇನೆ. ಆಗ ಉಳಿಯುವುದು 12, 8, 15, 11, 9, 14, 10, 13. ಮೊತ್ತ 92, ಸರಾಸರಿ 11.5. ಇದರಿಂದ ಪ್ರತಿ ಅಳತೆಯ ವಿಚಲನೆಯನ್ನು ಬರೆದು ಕೂಡಿದರೆ ಸೊನ್ನೆಯೇ ಬರಬೇಕು. ಸರಾಸರಿಯನ್ನು 12 ಎಂದು ದುಂಡಾಗಿಸಿದವರಿಗೆ ಇಲ್ಲಿ ಋಣ 4 ಬಂದು ಒಡನೆಯೇ ತಿಳಿಯುತ್ತದೆ. ವಿಚಲನೆಗಳ ವರ್ಗಗಳ ಮೊತ್ತ 42. ಅದನ್ನು ಎಂಟಕ್ಕಿಂತ ಒಂದು ಕಡಿಮೆಯಾದ 7ರಿಂದ ಭಾಗಿಸಿದರೆ 6, ವರ್ಗಮೂಲ 2.449 ಮೈಕ್ರಾನ್.

ಮೊತ್ತ ಸೊನ್ನೆಯಾಯಿತೆಂದು ವರ್ಗಗಳೂ ಸರಿಯಿವೆ ಎನ್ನಲಾಗದು. ಅದಕ್ಕಾಗಿ ಬೇರೊಂದು ಅಂದಾಜು ಸರಾಸರಿಯನ್ನು, ಇಲ್ಲಿ 10 ಅನ್ನು, ಹಿಡಿದು ಹೊಸದಾಗಿ ಲೆಕ್ಕ ಹಾಕುತ್ತೇನೆ: 2, -2, 5, 1, -1, 4, 0, 3. ಮೊತ್ತ 12, ವರ್ಗಗಳ ಮೊತ್ತ 60. 12ರ ವರ್ಗವಾದ 144ನ್ನು 8ರಿಂದ ಭಾಗಿಸಿದ 18ನ್ನು 60ರಿಂದ ಕಳೆದರೆ ಮತ್ತೆ 42. ಒಂದೇ ಒಂದು ವರ್ಗ ತಪ್ಪಿದ್ದರೂ ಈ ಎರಡು 42ಗಳು ಹೀಗೆ ಕೂಡಿ ಬರುವುದು ತೀರ ಅಪರೂಪ. ಅಂದಾಜು ಸರಾಸರಿಯಾಗಿ ಯಾವ ಸಂಖ್ಯೆಯನ್ನು ಹಿಡಿದರೆ ತಪ್ಪು ಬೇಗ ಬಯಲಾಗುತ್ತದೆ ಎಂಬುದಕ್ಕೆ ನನ್ನದೇ ಒಂದು ರೂಢಿಯಿದೆ; ಅದನ್ನು ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಂಡಿದ್ದೇನೆ.

ಕೊನೆಯದಾಗಿ ವ್ಯಾಪ್ತಿಯನ್ನು, ಅಂದರೆ ಅತಿ ದೊಡ್ಡ ಮತ್ತು ಅತಿ ಚಿಕ್ಕ ಅಳತೆಗಳ ಅಂತರವಾದ 7 ಮೈಕ್ರಾನನ್ನು, ನೋಡುತ್ತೇನೆ. ನಿಯಂತ್ರಣ ನಕ್ಷೆಯ ಕೋಷ್ಟಕದಲ್ಲಿ ವ್ಯಾಪ್ತಿಯಿಂದ ಮಾನಕ ವಿಚಲನೆಯನ್ನು ಅಂದಾಜಿಸುವ ಭಾಜಕ d₂ ಎಂಟು ಅಳತೆಗಳಿಗೆ 2.847 ಇದೆ, 7ನ್ನು ಅದರಿಂದ ಭಾಗಿಸಿದರೆ 2.46. ಇದು ಅಂದಾಜು ಮಾತ್ರ, ಇಷ್ಟು ಹತ್ತಿರ ಬರುವುದು ಪ್ರತಿ ಸಲ ಆಗದು. ಆದರೆ ಎಂಟು ಅಳತೆಗಳ ವ್ಯಾಪ್ತಿ 7 ಆಗಿದ್ದರೆ ಮಾನಕ ವಿಚಲನೆ 1.87ಕ್ಕಿಂತ ಕಡಿಮೆಯಾಗಲಿ 3.75ಕ್ಕಿಂತ ಹೆಚ್ಚಾಗಲಿ ಇರಲು ಸಾಧ್ಯವೇ ಇಲ್ಲ.

ಗ್ರಾಹಕರ ಕಡೆಯವರು ಒಮ್ಮೆ ಇಂಥದೇ ವರದಿಯನ್ನು ತಮ್ಮ ಉತ್ತರ 2.29 ಎಂದು ಹಿಂದಿರುಗಿಸಿದರು. ಅವರು 8ರಿಂದ ಭಾಗಿಸಿದ್ದರು. ಎಕ್ಸೆಲ್‌ನಲ್ಲಿ ಎರಡನ್ನೂ ಒಟ್ಟಿಗೆ ತೋರಿಸಿದ ಮೇಲೆ ಅವರು ಒಪ್ಪಿದರು:

```
=AVERAGE(A1:A8)
=STDEV.S(A1:A8)
=STDEV.P(A1:A8)
```

ಲಾಟಿನ ಮಾದರಿಗೆ ಎರಡನೆಯ ಸಾಲು ಬೇಕು. ಅಳೆದ ಎಂಟೇ ಇಡೀ ಲಾಟಾಗಿದ್ದರೆ ಮಾತ್ರ ಮೂರನೆಯದು. ಕ್ಯಾಲ್ಕುಲೇಟರಿನಲ್ಲಿ ತಾಳೆ ನೋಡುವವರು ಉತ್ತರಕ್ಕಿಂತ ಮೊದಲು n ಎಷ್ಟೆಂದು ನೋಡಬೇಕು, ಏಕೆಂದರೆ ಹಿಂದಿನ ಲಾಟು ಅಳಿಸದೆ ಉಳಿದಿದ್ದರೆ ಅಲ್ಲಿ 8ರ ಬದಲು 16 ಇರುತ್ತದೆ.

ಮೈಕ್ರೋಮೀಟರನ್ನೇ ತಪ್ಪಾಗಿ ಓದಿ ಬರೆದಿದ್ದರೆ ಈ ತಾಳೆಗಳು ಅದನ್ನು ಪ್ರತಿ ಸಲ ಹಿಡಿಯಲಾರವು. 25.011ನ್ನು 25.101 ಎಂದು ಬರೆದಿದ್ದರೆ ವ್ಯಾಪ್ತಿ ನೋಡಿದಾಗ ಕಣ್ಣಿಗೆ ಬೀಳುತ್ತದೆ, 25.013 ಎಂದಿದ್ದರೆ ಬೀಳುವುದಿಲ್ಲ. ಅದಕ್ಕೆ ಅಳೆದ ಶಾಫ್ಟುಗಳಿಗೆ ಕ್ರಮಸಂಖ್ಯೆ ಹಾಕಿಟ್ಟು, ಒಂದೆರಡನ್ನು ಬೇರೆಯವರಿಂದ ಮತ್ತೆ ಅಳೆಸುತ್ತೇನೆ.