ಉಪ್ಪಿನ ಹಾಸಿನ ಮೇಲೆ ಬೆಲ್ಲದ ಕೇಕ್

ಜಮಖಂಡಿಯ ಅಕ್ಕನ ಮನೆಯಲ್ಲಿ ಅಳಿಯನ ಹುಟ್ಟುಹಬ್ಬಕ್ಕೆ ಕುಕ್ಕರಿನಲ್ಲಿ ಮಾಡಿದ ಮೊದಲ ಕೇಕನ್ನು ಕೊಯ್ದಾಗ ಅಕ್ಕ ಹೇಳಿದ್ದು ಒಂದೇ ಮಾತು: "ತಳ ಹೊತ್ತೈತಿ, ನಡುಕ ಇನ್ನೂ ಹಸಿ ಐತಿ." ಅಂದು ಕುಕ್ಕರನ್ನು ದೊಡ್ಡ ಬರ್ನರ್ ಮೇಲಿಟ್ಟಿದ್ದೆವು. ಮೊದಲೇ ಕಾಯಿಸಿರಲಿಲ್ಲ, ಉಪ್ಪನ್ನೂ ಹಾಕಿರಲಿಲ್ಲ. ಮರುವಾರ ಅದೇ ಹಿಟ್ಟು, ಅದೇ ಅಳತೆ. ಬದಲಾಯಿಸಿದ್ದು ಬೆಂಕಿಯ ಲೆಕ್ಕ ಮಾತ್ರ. ಕೇಕ್ ಬುಡದಿಂದ ತುದಿಯವರೆಗೆ ಒಂದೇ ಸಮ ಬೆಂದಿತ್ತು.

ಓವನ್‌ನಲ್ಲಿ ಬಿಸಿ ಎಲ್ಲ ಕಡೆಯಿಂದ ಬರುತ್ತದೆ, ಒಲೆಯ ಮೇಲೆ ತಳದಿಂದ ಮಾತ್ರ. ಅದನ್ನು ತಡೆದು, ಹರಡಿ, ನಿಧಾನಕ್ಕೆ ಮೇಲೆ ಬಿಡುವುದು ಉಪ್ಪಿನ ಕೆಲಸ. ಚುರಮುರಿ ಭಟ್ಟಿಯಲ್ಲಿ ಮರಳು ಅಕ್ಕಿಗೆ ಸುತ್ತಲಿಂದ ಕಾವು ಕೊಡುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಉಪ್ಪು ಕರಗಲು 800 ಡಿಗ್ರಿ ಸೆಲ್ಸಿಯಸ್‌ ಬೇಕು. ಮನೆಯ ಒಲೆಯ ಮೇಲಿನ ಹಾಸಿನಲ್ಲಿ ಅಷ್ಟು ಬಿಸಿ ಬರುವುದಿಲ್ಲ.

ಐದು ಲೀಟರಿನ, ಬಾಯಿ ಅಗಲವಾದ, ತಳ ದಪ್ಪಗಿರುವ ಹಳೆಯ ಅಲ್ಯೂಮಿನಿಯಂ ಕುಕ್ಕರ್ ತೆಗೆದುಕೊಳ್ಳಿ. ದಪ್ಪ ತಳದ ಬೋಗುಣಿಯೂ ನಡೆಯುತ್ತದೆ. ಕುಕ್ಕರಿನ ಸ್ವಂತ ಮುಚ್ಚಳ ಮಾತ್ರ ಬೇಡ. ನೀರಿಲ್ಲದೆ ಕಾಯುವಾಗ ಅದರ ರಬ್ಬರ್ ಸುಡುತ್ತದೆ. ಸೇಫ್ಟಿ ವಾಲ್ವ್‌ ಒಳಗಿರುವ ಲೋಹವಂತೂ ಬಿಸಿ ಮಿತಿಮೀರಿದರೆ ಕರಗಲೆಂದೇ ಇಟ್ಟದ್ದು, ಅದು ಕರಗಿಬಿಡಬಹುದು. ಗುಮ್ಮಟದಂತೆ ಉಬ್ಬಿದ ಬೇರೆ ಮುಚ್ಚಳ ಹಾಕಿ, ಹಬೆ ಹೋಗಲು ಒಂದು ಕಡೆ ಕೂದಲೆಳೆಯಷ್ಟು ಸಂದು ಬಿಡಿ. ಚಪ್ಪಟೆ ತಾಟು ಮುಚ್ಚಿದರೆ ಬೆವರಿದ ನೀರು ಕೇಕಿನ ನಡುವೆಯೇ ತೊಟ್ಟಿಕ್ಕುತ್ತದೆ. ಹೀಗೆ ಒಣಗಿ ಕಾದ ಕುಕ್ಕರನ್ನು ಮತ್ತೆ ಬೇಳೆ ಬೇಯಿಸಲು ಬಳಸದೆ ಕೇಕಿಗೆಂದೇ ಇಟ್ಟುಬಿಡುವುದು ಒಳ್ಳೆಯದು.

ತಳಕ್ಕೆ ಅರ್ಧ ಇಂಚು ದಪ್ಪಕ್ಕೆ, ಅಂದರೆ ಸುಮಾರು ಒಂದೂವರೆ ಕಪ್, ಒಣಗಿದ ಹರಳುಪ್ಪು ಹರವಿ. ಹಸಿ ಉಪ್ಪು ಚಟಪಟ ಸಿಡಿಯುತ್ತದೆ. ಅದರ ಮೇಲೆ ಸಣ್ಣ ಸ್ಟ್ಯಾಂಡ್ ಇಟ್ಟು, ಮುಚ್ಚಿ, ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ. ನೀರು ಹಾಕಲೇಬಾರದು.

ಕುಕ್ಕರ್ ಕಾದ ಮೇಲೆಯೇ ಹಿಟ್ಟು ಕಲಸಬೇಕು, ಇದರಲ್ಲಿ ಗುಟ್ಟಿದೆ. ಸೋಡಾ ಮೊಸರಿನ ಹುಳಿ ಸೇರಿದೊಡನೆ ಗಾಳಿಗುಳ್ಳೆ ಬಿಡುತ್ತದೆ. ಕುಕ್ಕರ್ ತಣ್ಣಗಿದ್ದರೆ ಹಿಟ್ಟು ಗಟ್ಟಿಯಾಗುವ ಮೊದಲೇ ಗುಳ್ಳೆಗಳು ಹಾರಿಹೋಗಿ, ತಳದಲ್ಲಿ ಹಲ್ವಾದಂಥ ಪದರ ಕೂರುತ್ತದೆ. ನಮ್ಮ ಮೊದಲ ಕೇಕಿನಲ್ಲಿ ಸುಟ್ಟ ಪೊರೆಯ ಮೇಲೆ ಇದ್ದದ್ದೂ ಅದೇ.

ಮಹಾಲಿಂಗಪುರದ ಬೆಲ್ಲ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಮುಕ್ಕಾಲು ಕಪ್ ಬೆಲ್ಲದ ಪುಡಿಯನ್ನು ಅರ್ಧ ಕಪ್ ಬೆಚ್ಚಗಿನ ನೀರಿನಲ್ಲಿ ಕರಗಿಸಿ, ಸೋಸಿ, ಪೂರ್ತಿ ಆರಿಸಿ. ಅದಕ್ಕೆ ಅರ್ಧ ಕಪ್ ಮೊಸರು, ಕಾಲು ಕಪ್ಪಿಗಿಂತ ಸ್ವಲ್ಪ ಹೆಚ್ಚು ಎಣ್ಣೆ ಸೇರಿಸಿ ಕಲಕಿ. ಒಂದೂವರೆ ಕಪ್ ಗೋಧಿ ಹಿಟ್ಟು, ಒಂದು ಸಣ್ಣ ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು ಮತ್ತು ಯಾಲಕ್ಕಿ ಪುಡಿಯನ್ನು ಜರಡಿ ಹಿಡಿದಿಟ್ಟುಕೊಂಡಿರಿ. ಕುಕ್ಕರ್ ಕಾದ ಮೇಲೆಯೇ ಎರಡನ್ನೂ ಕೂಡಿಸಿ. ಒಣ ಹಿಟ್ಟು ಕಾಣದಂತಾದರೆ ಸಾಕು. ಬಹಳ ತಿರುವಿದರೆ ಗೋಧಿ ನಾರಾಗಿ ಕೇಕ್ ಬಿರುಸಾಗುತ್ತದೆ. ಹಿಟ್ಟು ದೋಸೆ ಹಿಟ್ಟಿಗಿಂತ ತುಸು ಗಟ್ಟಿಯಿದ್ದು, ಚಮಚದಿಂದ ಪಟ್ಟಿಯಂತೆ ಇಳಿಯಬೇಕು. ಎಣ್ಣೆ ಸವರಿ ಹಿಟ್ಟು ಉದುರಿಸಿದ ಆರು ಇಂಚಿನ ಡಬ್ಬಿಗೆ ಅರ್ಧದವರೆಗೆ ಮಾತ್ರ ಸುರಿಯಿರಿ. ಡಬ್ಬಿಗೂ ಕುಕ್ಕರಿನ ಗೋಡೆಗೂ ನಡುವೆ ಒಂದು ಬೆರಳಿನಷ್ಟು ಜಾಗ ಇರಲೇಬೇಕು, ಬಿಸಿ ಗಾಳಿ ಮೇಲೇರುವುದು ಅಲ್ಲಿಂದಲೇ.

ಡಬ್ಬಿಯನ್ನು ಇಕ್ಕಳದಿಂದ ಇಳಿಸಿ ಮುಚ್ಚಿ. ಮೊದಲ ಐದು ನಿಮಿಷ ಮಧ್ಯಮ ಉರಿ. ಆಮೇಲೆ ಸಣ್ಣ ಬರ್ನರ್‌ಗೆ ಬದಲಿಸಿ, ತೀರ ಸಣ್ಣ ಉರಿಯಲ್ಲಿ ನಲವತ್ತು ನಿಮಿಷ ಬಿಡಿ. ಬರ್ನರ್ ಉರಿ ಇನ್ನೂ ಜೋರೆನಿಸಿದರೆ ಕುಕ್ಕರಿನ ಕೆಳಗೆ ರೊಟ್ಟಿ ಹಂಚು ಇಡಿ. ಮೊದಲ ಅರ್ಧ ಗಂಟೆ ಮುಚ್ಚಳ ತೆಗೆಯಬೇಡಿ. ತಣ್ಣನೆಯ ಗಾಳಿ ಒಳನುಗ್ಗಿದರೆ ಇನ್ನೂ ಗಟ್ಟಿಯಾಗದ ನಡುಭಾಗ ಕುಸಿಯುತ್ತದೆ.

ಬಣ್ಣ ನೋಡಿ ಬೆಂದಿದೆಯೋ ಇಲ್ಲವೋ ಹೇಳಲಾಗದು. ಬೆಲ್ಲದ ಕೇಕ್ ಹಸಿಯಿದ್ದಾಗಲೂ ಕಂದೇ. ಮೇಲಿನಿಂದ ಬಿಸಿ ತಾಗದ ಕಾರಣ ಮೈದಾ ಕೇಕ್ ಬೆಂದ ಮೇಲೂ ಬೆಳ್ಳಗೇ ಉಳಿಯುತ್ತದೆ. ಕೆಂಪಾಗಲಿ ಎಂದು ಕಾದರೆ ತಳ ಹೊತ್ತುತ್ತದೆ. ನಡುವಿಗೆ ಊದಿನಕಡ್ಡಿಯಷ್ಟು ತೆಳ್ಳನೆಯ ಶುಭ್ರ ಕಡ್ಡಿ ಚುಚ್ಚಿ. ಒದ್ದೆ ಹಿಟ್ಟು ಅಂಟಿದರೆ ಮತ್ತೆ ಐದೈದು ನಿಮಿಷ ಬಿಡಿ. ಒಂದೆರಡು ಒಣ ಪುಡಿ ಹತ್ತಿದ್ದರೆ ಒಲೆ ಆರಿಸಿ. ಹೊತ್ತಿಗೆ ಮೊದಲೇ ಕರಕಲು ವಾಸನೆ ಬಂದರೆ ಉರಿ ಹೆಚ್ಚಾಗಿದೆ ಎಂದೇ ಅರ್ಥ. ಆಗ ಕೂಡಲೇ ಒಲೆ ಆರಿಸಿ, ಮುಚ್ಚಳ ತೆಗೆಯದೆ ಹತ್ತು ನಿಮಿಷ ಬಿಡಿ. ಉಪ್ಪಿನಲ್ಲಿ ಉಳಿದ ಕಾವಿಗೇ ನಡುಭಾಗ ಬೇಯುವುದುಂಟು.

ಡಬ್ಬಿಯನ್ನು ಹೊರತೆಗೆದು ಹದಿನೈದು ನಿಮಿಷ ಆರಿಸಿ, ಅಂಚಿಗೆ ಚಾಕು ಆಡಿಸಿ ಮಗುಚಿ. ಪೂರ್ತಿ ತಣ್ಣಗಾದ ಮೇಲೆ ಕೊಯ್ದರೆ ಪುಡಿಯಾಗುವುದಿಲ್ಲ. ಕಂದಿದ ಉಪ್ಪನ್ನು ಅಡುಗೆಗೆ ಬಳಸಬೇಡಿ. ಆರಿದ ಮೇಲೆ ಒಂದು ಡಬ್ಬಿಯಲ್ಲಿ ಗಟ್ಟಿಯಾಗಿ ಮುಚ್ಚಿಟ್ಟರೆ ಮುಂದಿನ ಕೇಕಿಗೆ ಅದೇ ಆಗುತ್ತದೆ. ಅಕ್ಕನ ಮನೆಯಲ್ಲಿ ಆ ಡಬ್ಬಿಯ ಮೇಲೆ "ಕೇಕ್ ಉಪ್ಪು" ಎಂದು ಚೀಟಿ ಅಂಟಿಸಿದ್ದಾರೆ.