‘ಸೈವಾಯ್ ದೇಸು’ ಅಂದರೆ ಗಡುವು: ಜಪಾನಿ ಇಮೇಲ್‌ಗಳ ಒಳಮಾತು

ಮನೆಯಿಂದ ಹೊರಡುವವರು ‘ಹೋಗಿ ಬರ್ತೀನಿ’ ಅಂದರೆ ಅವರು ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಯಾರೂ ಕಾಯುವುದಿಲ್ಲ. ಅದು ಬೀಳ್ಕೊಡುಗೆಯ ಮಾತು. ಜಪಾನಿ ಕಂಪನಿಗಳ ಜೊತೆ ಇಮೇಲ್‌ನಲ್ಲಿ ವ್ಯವಹರಿಸುವಾಗ ನಾನು ಪ್ರತಿ ಸಾಲನ್ನೂ ಹೀಗೇ ಓದುತ್ತೇನೆ: ಪದ ಏನು ಹೇಳುತ್ತದೆ ಎನ್ನುವುದಕ್ಕಿಂತ, ಈ ಜಾಗದಲ್ಲಿ ಅದು ಯಾವ ಕೆಲಸ ಮಾಡುತ್ತಿದೆ ಎಂದು ನೋಡುತ್ತೇನೆ.

ಮೊದಲ ಸಾಲು ‘ಒಸೆವಾ ನಿ ನತ್ತೆ ಒರಿಮಾಸು’. ಒಸೆವಾ ಎಂದರೆ ಆರೈಕೆ, ನೆರವು. ಕೇಳಲು ನಮ್ಮ ‘ಸೇವೆ’ಯಂತಿದ್ದರೂ ದಿಕ್ಕು ಬೇರೆ, ‘ನಿಮ್ಮಿಂದ ನೆರವು ಪಡೆಯುತ್ತಲೇ ಇದ್ದೇವೆ’ ಎಂದು ಬರೆಯುವವರು ಒಪ್ಪಿಕೊಳ್ಳುತ್ತಾರೆ. ನಿಜವಾದ ಅರ್ಥ, ನಮ್ಮಿಬ್ಬರ ನಡುವೆ ವ್ಯವಹಾರ ಚಾಲ್ತಿಯಲ್ಲಿದೆ ಎಂದು. ಹಾಗಾಗಿ ಇದು ಹೊರಗಿನ ಕಂಪನಿಯವರಿಗೆ. ಒಂದೇ ಕಂಪನಿಯ ಒಳಗೆ ‘ಒತ್ಸುಕಾರೆಸಾಮಾ ದೇಸು’, ಅಂದರೆ ನಿಮ್ಮ ಶ್ರಮಕ್ಕೆ ವಂದನೆ, ಎಂದರೆ ಸಾಕು. ಪರಿಚಯವೇ ಇಲ್ಲದವರಿಗೆ ಮೊದಲ ಸಲ ಬರೆಯುವಾಗ ಒಸೆವಾ ಸಾಲು ಹಾಕಿದರೆ ಇಲ್ಲದ ನಂಟನ್ನು ಹೇಳಿಕೊಂಡಂತಾಗುತ್ತದೆ. ಅಲ್ಲಿ ‘ತೊತ್ಸುಜೆನ್ ನೊ ಗೊರೆನ್ರಾಕು ಶಿತ್ಸುರೇ ಇತಾಶಿಮಾಸು’, ಅಂದರೆ ಹಠಾತ್ತನೆ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ, ಎಂದು ಆರಂಭಿಸುತ್ತೇನೆ.

ಹೆಚ್ಚು ತೊಡಕಾಗುವುದು ಜ್ಞಾಪನೆಯ ಪತ್ರದಲ್ಲಿ. ಜೂನ್ 3ಕ್ಕೆ ಒಂದು ನಕ್ಷೆ ಕಳಿಸಿದ್ದೇವೆ, ಒಪ್ಪಿಗೆ ಬಂದಿಲ್ಲ, 10ರೊಳಗೆ ಬರದಿದ್ದರೆ ಅಚ್ಚಿನ ಕೆಲಸ ನಿಲ್ಲುತ್ತದೆ ಅಂದುಕೊಳ್ಳಿ. ‘ಇನ್ನೂ ಉತ್ತರ ಬಂದಿಲ್ಲ’ ಎಂದು ಬರೆದರೆ ತಪ್ಪು ಓದುವವರ ತಲೆಗೆ ಬಂತು. ಅದರ ಬದಲು ‘ಸೊನೊ ಗೊ ಇಕಾಗಾ ದೆಶೋ ಕಾ’ ಎಂದು ಕೇಳುತ್ತೇನೆ: ಆಮೇಲೆ ಅದು ಹೇಗಾಯಿತು? ಕೇಳಿದ್ದು ಕೆಲಸದ ಬಗ್ಗೆ, ವ್ಯಕ್ತಿಯ ಬಗ್ಗೆ ಅಲ್ಲ. ಅದರ ಬೆನ್ನಿಗೆ ‘ಇಕಿಚಿಗಾಯ್’ ಮಾತು ಬರುತ್ತದೆ: ನಿಮ್ಮ ಉತ್ತರವೂ ನನ್ನ ಪತ್ರವೂ ದಾರಿಯಲ್ಲಿ ಒಂದನ್ನೊಂದು ದಾಟಿ ಹೋಗಿದ್ದರೆ ಕ್ಷಮಿಸಿ. ಉತ್ತರ ಬಂದಿಲ್ಲವೆಂದು ಇಬ್ಬರಿಗೂ ಗೊತ್ತು. ಆದರೂ ಈ ಸಾಲು ಇದ್ದರೆ ತಡಮಾಡಿದವರು ಮುಖ ಉಳಿಸಿಕೊಂಡು ಉತ್ತರಿಸಬಹುದು. ನನಗೆ ಇಡೀ ಪತ್ರದಲ್ಲಿ ಅತ್ಯಂತ ಪ್ರಿಯವಾದ ಸಾಲು ಇದು.

ಕೊನೆಗೆ ಗಡುವು. ‘ಒಇಸೊಗಾಶಿ ತೊಕೊರೊ ಒಸೋರೆ ಇರಿಮಾಸು ಗಾ’ ಎಂದು ಅವರ ಕೆಲಸದ ಒತ್ತಡವನ್ನು ನೆನೆದು, ಜೂನ್ 10 ಎಂದು ಬರೆದು, ಪಕ್ಕದ ಕಂಸದಲ್ಲಿ ವಾರವನ್ನೂ ಹಾಕಿ, ಅಷ್ಟರೊಳಗೆ ಉತ್ತರ ಸಿಕ್ಕರೆ ‘ಸೈವಾಯ್ ದೇಸು’ ಎಂದು ಮುಗಿಸುತ್ತೇನೆ. ಪದಶಃ ‘ಸಂತೋಷ’, ಆದರೆ ತಾರೀಖಿನ ಜೊತೆ ಬಂದಾಗ ಅದು ಗಡುವು. ಇಂಥದೇ ಸಾಲು ಅವರಿಂದ ಬಂದಾಗ ‘ಉತ್ತರ ಸಿಕ್ಕರೆ ಸಂತೋಷವಂತೆ, ಸಿಗದಿದ್ದರೂ ನಡೆಯುತ್ತೆ’ ಎಂದು ಓದುವುದೇ ದೊಡ್ಡ ಎಡವಟ್ಟು. ಗಂಟೆ ಕೊಟ್ಟಿದ್ದರೆ ಅದು ಜಪಾನಿನ ಗಂಟೆ. ಅಲ್ಲಿಯ ಸಂಜೆ 5 ಅಂದರೆ ಬೆಂಗಳೂರಿನಲ್ಲಿ ಮಧ್ಯಾಹ್ನ 1:30.

ಇದೇ ಪತ್ರಕ್ಕೆ ಹೆಚ್ಚು ವಿನಯವಿರಲಿ ಎಂದು ‘ಒತೆಸುಕಿ ನೊ ಸಾಯ್ ನಿ’ ಸೇರಿಸಬಾರದು. ಅದು ‘ಕೈ ಖಾಲಿಯಾದಾಗ’ ಎಂಬ ಮಾತು, ಮತ್ತು ಅದರ ಅರ್ಥವೂ ಅಷ್ಟೇ: ಅವಸರವಿಲ್ಲ. ಗಡುವಿನ ಪಕ್ಕ ಅದನ್ನು ಇಟ್ಟರೆ ಓದುವವರಿಗೆ ಯಾವುದನ್ನು ನಂಬಬೇಕೆಂದು ತಿಳಿಯದೆ ಪತ್ರ ಬದಿಗೆ ಸರಿಯುತ್ತದೆ.

ಇನ್ನು ಬಂದ ಉತ್ತರವನ್ನು ಓದುವುದು. ‘ಕೆಂತೋ ಇತಾಶಿಮಾಸು’, ಪರಿಶೀಲಿಸುತ್ತೇವೆ. ಇದು ನಮ್ಮ ‘ನೋಡೋಣ’ದ ಹಾಗೆ, ನಿಜಕ್ಕೂ ನೋಡಬಹುದು, ಇಲ್ಲವೆನ್ನಲು ಸಂಕೋಚವೂ ಇರಬಹುದು. ನಾನು ಹುಡುಕುವುದು ಎರಡನ್ನು. ಮುಂದಿನ ಹೆಜ್ಜೆ ಯಾರದ್ದು ಎಂದು ಬರೆದಿದ್ದಾರಾ? ತಾರೀಖು ಇದೆಯಾ? ‘ಕಂಪನಿಯೊಳಗೆ ಚರ್ಚಿಸಿ ಮುಂದಿನ ಬುಧವಾರದೊಳಗೆ ತಿಳಿಸುತ್ತೇವೆ’ ಎಂದಿದ್ದರೆ ಪರಿಶೀಲನೆ ನಡೆಯುತ್ತಿದೆ. ಎರಡೂ ಇಲ್ಲದ ಒಂಟಿ ‘ಕೆಂತೋ’ದ ಮೇಲೆ ಕೆಲಸದ ಯೋಜನೆ ಕಟ್ಟುವುದಿಲ್ಲ. ‘ಮುಜುಕಾಶೀ’, ಅಂದರೆ ಕಷ್ಟ, ಎಂದು ಬಂದರೆ ಇನ್ನಷ್ಟು ಹೆಣಗಿದರೆ ಆದೀತು ಎಂದು ಎಂಜಿನಿಯರುಗಳು ಓದುತ್ತಾರೆ. ವ್ಯವಹಾರದಲ್ಲಿ ಅದು ಬಹುಪಾಲು ‘ಆಗುವುದಿಲ್ಲ’.

‘ಕೊಂಕಾಯ್ ವಾ ಮಿಒಕುರಸೆತೆ ಇತಾದಾಕಿಮಾಸು’ ಎಂದರೆ ಅನುಮಾನವೇ ಬೇಡ. ಮಿಒಕುರು ಎಂಬುದು ಹೊರಟವರನ್ನು ಕಣ್ಣಳತೆ ದಾಟುವವರೆಗೆ ನಿಂತು ಕಳಿಸಿಕೊಡುವ ಕ್ರಿಯಾಪದ. ನಿಮ್ಮ ಪ್ರಸ್ತಾಪವನ್ನು ಕಳಿಸಿಕೊಟ್ಟಿದ್ದಾರೆ. ‘ಕೊಂಕಾಯ್’, ಅಂದರೆ ಈ ಸಲ, ಎಂಬ ಪದ ಹಿಡಿದು ಮರುದಿನವೇ ಬೆಲೆ ಇಳಿಸಿ ಬರೆದರೆ ಅವರು ಎರಡನೇ ಸಲ ನಿರಾಕರಿಸುವ ಮುಜುಗರಕ್ಕೆ ಬೀಳುತ್ತಾರೆ. ನಾನು ಕಳಿಸುವುದು ಮೂರೇ ಸಾಲು: ‘ಶೋಚಿ ಇತಾಶಿಮಾಶಿತಾ’, ತಿಳಿಯಿತು (ಇದೇ ಅರ್ಥದ ‘ರ್ಯೋಕಾಯ್’ ಅನ್ನು ಗಿರಾಕಿಗಳಿಗೆ ಬರೆಯುವುದಿಲ್ಲ); ಪರಿಶೀಲಿಸಿದ್ದಕ್ಕೆ ಧನ್ಯವಾದ; ಮತ್ತೆ ಅವಕಾಶ ಬಂದಾಗ ‘ಯೊರೊಶಿಕು ಒನೆಗಾಯ್ ಇತಾಶಿಮಾಸು’, ಅಂದರೆ ದಯವಿಟ್ಟು ನಮ್ಮನ್ನು ನೆನೆಯಿರಿ.